ಅಗ್ಗದ ಬಾಡಿಗೆಯ ಖೋಲಿ ಏಕೆ ಸಿಗುವುದಿಲ್ಲ?

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಅರ್ಥಶಾಸ್ತ್ರ ಓದಿದವನಲ್ಲ. ಮೆಟ್ರಿಕ್ ಮುಗಿಸಿ, ಗಿರಣಿಯ ಕಚೇರಿಯಲ್ಲಿ ಹಾಜರಿಯ ಪಟ್ಟಿ, ಪಗಾರದ ಪಟ್ಟಿ ಬರೆಯುವ ಗುಮಾಸ್ತ. ಸಂಜೆ ಇಲ್ಲಿ ಪುಸ್ತಕಗಳನ್ನು ಕೊಟ್ಟು ತೆಗೆದುಕೊಳ್ಳುವ ಕೆಲಸ ಮಾಡುತ್ತೇನೆ. ಈ ವಿಷಯದ ಮೇಲೆ ಮಾತಾಡಲು ನನಗೆ ಇರುವ ಅಧಿಕಾರ ಒಂದೇ: ನಾನು ಹುಟ್ಟಿ ಬೆಳೆದದ್ದು ಪರಳದ ಒಂದು ಹಳೆಯ ಚಾಳಿನ ಖೋಲಿಯಲ್ಲಿ, ಇಂದಿಗೂ ಅಲ್ಲೇ ಇದ್ದೇನೆ.

ಕಳೆದ ತಿಂಗಳು ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬ ಇದೇ ಮೇಜಿನ ಹತ್ತಿರ ನನ್ನನ್ನು ಕೇಳಿದ, "ಅಣ್ಣಾ, ನಿಮ್ಮ ಖೋಲಿಗೆ ತಿಂಗಳ ಬಾಡಿಗೆ ಎಷ್ಟು?" ತೆರಿಗೆ, ಸೆಸ್ ಎಲ್ಲ ಸೇರಿ ನೂರು ರೂಪಾಯಿಗೂ ಕಡಿಮೆ ಎಂದೆ. ಅವನ ಮುಖ ಅರಳಿತು. "ಹಾಗಾದರೆ ಅಂಥದೇ ಒಂದನ್ನು ನನಗೂ ಕೊಡಿಸಿ" ಎಂದ. ಕೊಡಿಸಲು ಸಾಧ್ಯವಿಲ್ಲ ಎಂದೆ. "ಏಕೆ? ಕಾಯಿದೆಯೇ ಬಾಡಿಗೆ ಕಡಿಮೆ ಮಾಡಿದೆಯಲ್ಲ?" ಎಂದು ಅವನು ಕೇಳಿದಾಗ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಇಂದಿನ ನನ್ನ ಮಾತು ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ಕಾಯಿದೆಯ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ಮುಂಬಯಿಯಲ್ಲಿ ಬಾಡಿಗೆಗೆ ಮಿತಿ ಹಾಕಿದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ. ಅದು ಕೆಲವು ವರ್ಷ ನಡೆದು ನಿಂತಿತು. ಎರಡನೆಯ ಯುದ್ಧ ಬಂದಾಗ ಮತ್ತೆ ಬಂತು. ಕೊನೆಗೆ 1947ರಲ್ಲಿ ಮುಂಬಯಿ ಬಾಡಿಗೆ ನಿಯಂತ್ರಣದ ದೊಡ್ಡ ಕಾಯಿದೆ ಆಯಿತು. ಅದರ ತಿರುಳು ಇಷ್ಟೆ: 1940ರ ಸೆಪ್ಟೆಂಬರ್ 1ರಂದು ಯಾವ ಖೋಲಿಗೆ ಎಷ್ಟು ಬಾಡಿಗೆ ಇತ್ತೋ ಅಷ್ಟೇ ಅದರ ನಿಗದಿತ ಬಾಡಿಗೆ. ಆ ದಿನದ ನಂತರ ಮೊದಲ ಬಾರಿಗೆ ಬಾಡಿಗೆಗೆ ಕೊಟ್ಟ ಜಾಗವಾದರೆ, ಮೊದಲು ಎಷ್ಟಕ್ಕೆ ಕೊಟ್ಟರೋ ಅಷ್ಟಕ್ಕೇ ಅದು ನಿಂತಿತು. ಬಾಡಿಗೆ ಸರಿಯಾಗಿ ಕೊಡುವವನನ್ನು ಸುಮ್ಮಸುಮ್ಮನೆ ಹೊರಗೆ ಹಾಕುವಂತಿಲ್ಲ. ಪಗಡಿ ತೆಗೆದುಕೊಳ್ಳುವುದು ಅಪರಾಧ.

ಇದನ್ನು ಮಾಡಿದವರು ಮೂರ್ಖರೇನಲ್ಲ. ಯುದ್ಧದ ದಿನಗಳಲ್ಲಿ ಸಿಮೆಂಟು, ಕಬ್ಬಿಣ ಸಿಗುತ್ತಿರಲಿಲ್ಲ. ಹೊಸ ಮನೆ ಏಳುವ ಹಾಗಿರಲಿಲ್ಲ. ಜನ ಮಾತ್ರ ಬಂದೇ ಬರುತ್ತಿದ್ದರು. ದೇಶ ವಿಭಜನೆಯಾದ ಮೇಲೆ ನಿರಾಶ್ರಿತರೂ ಬಂದರು. ಅಂಥ ಸಮಯದಲ್ಲಿ ಬಾಡಿಗೆ ಎಷ್ಟೇ ಏರಿದರೂ ನಾಳೆ ಬೆಳಿಗ್ಗೆ ಒಂದು ಖೋಲಿ ಹೆಚ್ಚಾಗುವುದಿಲ್ಲ. ಬಡವನ ಜೇಬು ಖಾಲಿಯಾಗುತ್ತದೆ, ಅಷ್ಟೆ. ಒಂದೆರಡು ವರ್ಷಕ್ಕೆ ಮಿತಿ ಹಾಕಿದ್ದು ನ್ಯಾಯವೇ. ಆ ಕಾಯಿದೆಗೂ ತಾತ್ಕಾಲಿಕ ಎಂದೇ ಅವಧಿ ಕೊಟ್ಟಿದ್ದರು. ಆದರೆ ಅವಧಿ ಮುಗಿದ ಹಾಗೆಲ್ಲ ಮುಂದಕ್ಕೆ ಹಾಕುತ್ತ ಹೋದರು. ಹಾಗೆ ಅದು ಐವತ್ತು ವರ್ಷ ದಾಟಿತು. ಔಷಧವನ್ನು ಊಟವಾಗಿ ಮಾಡಿಕೊಂಡ ಹಾಗಾಯಿತು.

ಈಗ ಒಂದು ಚಾಳಿನ ಲೆಕ್ಕ ಮಾಡೋಣ. ಇದು ಯಾವ ನಿಜವಾದ ಚಾಳಿನ ಪುಸ್ತಕದಿಂದಲೂ ತೆಗೆದದ್ದಲ್ಲ. ತಿಳಿಯಲು ಸುಲಭವಾಗಲೆಂದು ನಾನೇ ಹಾಕಿದ ಅಂಕಿಗಳು. ಚಾಳಿನಲ್ಲಿ 40 ಖೋಲಿ. ಒಂದಕ್ಕೆ ತಿಂಗಳಿಗೆ 8 ರೂಪಾಯಿ. ಒಟ್ಟು ಬಾಡಿಗೆ 320 ರೂಪಾಯಿ. ಇದರಲ್ಲಿ ಬಾಡಿಗೆ ವಸೂಲಿಯ ಮೆಹತಾನ ಸಂಬಳ, ಕಸ ಗುಡಿಸುವವನ ಸಂಬಳ, ಮೆಟ್ಟಿಲಿನ ದೀಪ, ನೀರು ಎಲ್ಲಕ್ಕೂ 120 ರೂಪಾಯಿ. ಹೆಂಚು, ತೊಲೆ, ಮೋರಿಗಳ ರಿಪೇರಿಗೆಂದು ತೆಗೆದಿಡುವುದು 60 ರೂಪಾಯಿ. ಉಳಿದ 140 ಮಾಲಕನಿಗೆ. ಇದು 1940ರ ಚಿತ್ರ.

ಯುದ್ಧ ಮುಗಿಯುವ ಹೊತ್ತಿಗೆ ದೇಶದಲ್ಲಿ ಸಾಮಾನಿನ ಬೆಲೆ ಎರಡು ಪಟ್ಟು ದಾಟಿತ್ತು. ನಾವು ಎರಡು ಪಟ್ಟೆಂದೇ ಹಿಡಿಯೋಣ. ತೆರಿಗೆ ಏರಿದರೆ ಅದನ್ನು ಬಾಡಿಗೆದಾರನ ಮೇಲೆ ಹಾಕಲು ಕಾಯಿದೆ ಬಿಟ್ಟಿತ್ತು, ಅದನ್ನು ಬದಿಗಿಡೋಣ. 120 ಇದ್ದದ್ದು 240 ಆಯಿತು. 60 ಇದ್ದದ್ದು 120 ಆಯಿತು. ಒಟ್ಟು ಖರ್ಚು 360. ಬಾಡಿಗೆ ಮಾತ್ರ ಅದೇ 320. ಮಾಲಕ ತಿಂಗಳಿಗೆ 40 ರೂಪಾಯಿ ಕೈಯಿಂದ ಹಾಕಬೇಕು. ಅವನು ಏನು ಮಾಡುತ್ತಾನೆ? ಮೆಹತಾನ ಸಂಬಳ ಕಡಿಯುವಂತಿಲ್ಲ. ದೀಪ, ನೀರು ನಿಲ್ಲಿಸುವಂತಿಲ್ಲ. ಯಾರಿಗೂ ಇಂದೇ ಕಾಣದ ಖರ್ಚು ಒಂದೇ ಒಂದು: ರಿಪೇರಿ. ಅದನ್ನು ಬಿಟ್ಟರೆ 40 ರೂಪಾಯಿಯ ನಷ್ಟ 80 ರೂಪಾಯಿಯ ಲಾಭವಾಗುತ್ತದೆ. ಮಾಲಕ ಪುಣ್ಯವಂತನಾದರೂ ಪಾಪಿಯಾದರೂ ಲೆಕ್ಕ ಅದೇ.

ಮೊದಲ ವರ್ಷ ಒಂದು ಹೆಂಚು ಜಾರುತ್ತದೆ. ಐದನೆಯ ವರ್ಷ ತೊಲೆಗೆ ನೀರಿಳಿಯುತ್ತದೆ. ಇಪ್ಪತ್ತನೆಯ ವರ್ಷ ಸಾಮಾನ್ಯ ಪಾಯಖಾನೆಯ ಗೋಡೆ ಬಿರಿಯುತ್ತದೆ. 1960ರ ದಶಕದ ಹೊತ್ತಿಗೆ ಮುಂಬಯಿ ನಗರದಲ್ಲಿ ಹಳೆಯ ಕಟ್ಟಡಗಳ ಸ್ಥಿತಿ ಎಷ್ಟು ಕೆಟ್ಟಿತೆಂದರೆ, 1969ರಲ್ಲಿ ಸರಕಾರವೇ ಒಂದು ರಿಪೇರಿ ಮಂಡಳಿಯನ್ನು ಮಾಡಿ, ಅದರ ಖರ್ಚಿಗೆಂದು ಸೆಸ್ ಹಾಕಬೇಕಾಯಿತು. ಆ ಪಟ್ಟಿಗೆ ಬಂದ ಕಟ್ಟಡಗಳು 19,642. ಅವುಗಳಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರ್‌ಗಿಂತ ಮೊದಲು ಕಟ್ಟಿದವು. ಆ ಮಂಡಳಿಯ ಕೆಲಸ ಆಮೇಲೆ ಮ್ಹಾಡಾಕ್ಕೆ ಸೇರಿತು. ಮಳೆಗಾಲಕ್ಕೆ ಮುಂಚೆ ಅಪಾಯದ ಕಟ್ಟಡಗಳ ಪಟ್ಟಿ ಪತ್ರಿಕೆಯಲ್ಲಿ ಬರುವುದನ್ನು ನೀವೆಲ್ಲ ಇಲ್ಲೇ ಕುಳಿತು ಓದಿದ್ದೀರಿ. ಖೋಲಿಯ ಬಾಡಿಗೆ ಏರಲಿಲ್ಲ, ನಿಜ. ಆದರೆ ಬಾಡಿಗೆಗೆ ಸಿಗುತ್ತಿದ್ದ ಮನೆಯೇ ಒಳಗಿನಿಂದ ಕರಗುತ್ತ ಹೋಯಿತು. ಇದು ಅಭಾವದ ಮೊದಲ ರೂಪ.

ಎರಡನೆಯ ರೂಪ, ಹೊಸದು ಹುಟ್ಟದಿರುವುದು. ಪರಳ, ಲಾಲಬಾಗ, ಗಿರಗಾಂವ್‌ಗಳ ಎಷ್ಟೋ ಚಾಳುಗಳನ್ನು ಕಟ್ಟಿಸಿದವರು ಬಾಡಿಗೆಗೆ ಕೊಡಲೆಂದೇ ಕಟ್ಟಿಸಿದವರು. ಧರ್ಮಕ್ಕಾಗಿ ಕಟ್ಟಿಸಿದ್ದಲ್ಲ, ಬ್ಯಾಂಕಿನ ಬಡ್ಡಿಗಿಂತ ಬಾಡಿಗೆ ವಾಸಿ ಎಂದು ಕಟ್ಟಿಸಿದರು. ಈಗ ಅಂಥವನೊಬ್ಬನ ಜಾಗದಲ್ಲಿ ನಿಂತು ನೋಡಿ. ಇಂದು ಕಟ್ಟಿ ಇಂದಿನ ದರಕ್ಕೆ ಕೊಟ್ಟರೆ ಮೊದಲ ವರ್ಷ ಗಿಟ್ಟುತ್ತದೆ. ಆದರೆ ಆ ಬಾಡಿಗೆ ಅಲ್ಲೇ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ, ಬಂದವನು ಏಳುವುದಿಲ್ಲ. ಹತ್ತು ವರ್ಷದ ಮುಂದಿನ ಲೆಕ್ಕ ಹಾಕಬಲ್ಲ ಯಾವನೂ ಬಾಡಿಗೆಗೆ ಕಟ್ಟುವುದಿಲ್ಲ, ಮಾರಲು ಕಟ್ಟುತ್ತಾನೆ. ಹಾಗೆಯೇ ಆಯಿತು. ಚಾಳು ಕಟ್ಟುವ ಕಾಲ ಹೋಗಿ, ಮಾಲಕಿಯ ಫ್ಲ್ಯಾಟುಗಳ ಕಾಲ, ಸಹಕಾರಿ ಸೊಸಾಯಿಟಿಗಳ ಕಾಲ ಬಂತು. ಕೈಯಲ್ಲಿ ದುಡ್ಡಿದ್ದವನು ಕೊಂಡ. ಪಗಾರವೊಂದನ್ನೇ ನಂಬಿ ಬಂದವನು ಝೋಪಡಪಟ್ಟಿಗೆ ಹೋದ, ಇಲ್ಲವೆ ಹೋಟೆಲಿನ ಮೇಜಿನ ಮೇಲೆ ಮಲಗಿದ. ನಮ್ಮ ದಕ್ಷಿಣ ಕನ್ನಡದಿಂದ ಬಂದ ಎಷ್ಟೋ ಜನ ಹಿರಿಯರಿಗೆ ಆ ಮೇಜಿನ ಗುರುತು ಇದೆ.

2017–18ರ ಕೇಂದ್ರ ಸರಕಾರದ ಆರ್ಥಿಕ ಸಮೀಕ್ಷೆಯಲ್ಲಿ ಒಂದು ಅಂಕಿ ಇದೆ. 1961ರಲ್ಲಿ ದೇಶದ ನಗರಗಳ ಮನೆಗಳಲ್ಲಿ ನೂರಕ್ಕೆ 54 ಬಾಡಿಗೆಯವು. 2011ರ ಹೊತ್ತಿಗೆ ಅವು ನೂರಕ್ಕೆ 28ಕ್ಕೆ ಇಳಿದವು. ಪಟ್ಟಣಗಳಿಗೆ ಜನ ಪ್ರವಾಹದಂತೆ ಬಂದ ಐವತ್ತು ವರ್ಷಗಳಲ್ಲಿ ಬಾಡಿಗೆ ಮನೆಗಳ ಪಾಲು ಅರ್ಧದಷ್ಟಾಯಿತು.

ಮೂರನೆಯ ರೂಪ ಇನ್ನೂ ವಿಚಿತ್ರ: ಇರುವ ಮನೆಗೇ ಬೀಗ. ಹಳೆಯ ಕಾಯಿದೆಯಿಂದ ತಪ್ಪಿಸಿಕೊಳ್ಳಲು ಮಾಲಕರು "ಬಾಡಿಗೆ" ಎನ್ನದೆ "ಲೀವ್ ಆಂಡ್ ಲೈಸೆನ್ಸ್" ಎಂದು ಕಾಗದ ಮಾಡಿ ಕೊಡುತ್ತಿದ್ದರು. ಸರಕಾರ ಬಾಡಿಗೆದಾರರ ಮೇಲಿನ ಕರುಣೆಯಿಂದ, 1973ರ ಫೆಬ್ರವರಿ 1ರಂದು ಆ ರೀತಿ ಮನೆಯಲ್ಲಿದ್ದವರನ್ನೂ ರಕ್ಷಿತ ಬಾಡಿಗೆದಾರರೆಂದು ಮಾಡಿತು. ಅಂದು ಒಳಗಿದ್ದವರು ಗೆದ್ದರು. ಆದರೆ ಹೊರಗಿದ್ದ ಮನೆಮಾಲಕರೆಲ್ಲ ಪಾಠ ಕಲಿತರು: ವರ್ಗವಾಗಿ ಎರಡು ವರ್ಷ ಪರವೂರಿಗೆ ಹೋಗುವವನು, "ನಂಬಿ ಕೊಟ್ಟರೆ ಮನೆಯೇ ಹೋದೀತು" ಎಂದು ಬೀಗ ಹಾಕಿಕೊಂಡು ಹೋಗತೊಡಗಿದ. 2011ರ ಜನಗಣತಿಯಲ್ಲಿ ಮುಂಬಯಿಯಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 4.8 ಲಕ್ಷ. ಇವೆಲ್ಲವೂ ಕಾಯಿದೆಯ ಹೆದರಿಕೆಯಿಂದಲೇ ಖಾಲಿ ಎಂದು ನಾನು ಹೇಳುವುದಿಲ್ಲ. ಬೆಲೆ ಏರಲೆಂದು ಕೊಂಡಿಟ್ಟವೂ ಇವೆ. ಆದರೆ ಆ ಹೆದರಿಕೆಯ ಪಾಲೂ ಅದರಲ್ಲಿದೆ.

ನಾಲ್ಕನೆಯ ರೂಪಕ್ಕೆ ಉದಾಹರಣೆ ನಾನೇ. ನನ್ನ ಅಜ್ಜ ಕುಂದಾಪುರದ ಕಡೆಯಿಂದ ಬಂದು ಗಿರಣಿ ಸೇರಿದವರು. ಖೋಲಿ ಅವರ ಹೆಸರಿನಿಂದ ತಂದೆಗೆ, ತಂದೆಯಿಂದ ತಾಯಿಗೆ ಬಂತು. ಬಾಡಿಗೆದಾರ ತೀರಿಕೊಂಡರೆ, ಆಗ ಅವನ ಜೊತೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಹಕ್ಕು ಬರುತ್ತದೆ. ಆದ್ದರಿಂದ ನಮ್ಮಲ್ಲಿ ಯಾರಾದರೊಬ್ಬರು ಅಲ್ಲಿ ಇದ್ದೇ ಇರಬೇಕು. ನನ್ನ ಕೆಲಸ ಇರುವುದು ಭಿವಂಡಿಯ ಕಡೆ. ಹೋಗಿ ಬರಲು ದಿನಕ್ಕೆ ನಾಲ್ಕು ತಾಸು ರೈಲಿನಲ್ಲಿ, ಬಸ್ಸಿನಲ್ಲಿ ಕಳೆಯುತ್ತೇನೆ. ಅಲ್ಲೇ ಹತ್ತಿರ ಇದ್ದರೆ ಮಕ್ಕಳ ಮುಖ ಬೆಳಕಿನಲ್ಲಿ ನೋಡಬಹುದಿತ್ತು. ಆದರೆ ಖೋಲಿ ಬಿಟ್ಟರೆ ಇಂಥದು ಮತ್ತೆ ಸಿಗುವುದಿಲ್ಲ; ಚಾಳು ಒಡೆದು ಕಟ್ಟಿದರೆ ಬರುವ ಮನೆಯ ಹಕ್ಕೂ ಹೋಗುತ್ತದೆ. ಅದಕ್ಕೆ ಬಿಡುವುದಿಲ್ಲ. ನಮ್ಮ ಎದುರಿನ ಖೋಲಿಯಲ್ಲಿ ಒಬ್ಬ ಮುದುಕಿಯೊಬ್ಬಳೇ ಇದ್ದಾಳೆ, ಮಕ್ಕಳೆಲ್ಲ ಹೊರಗಿದ್ದಾರೆ. ಅವಳೂ ಬಿಡುವುದಿಲ್ಲ. ಪರಳದಲ್ಲೇ ಕೆಲಸವಿದ್ದು ದೂರದಿಂದ ಬರುವವನೊಬ್ಬ ನನ್ನ ಖೋಲಿಗೆ, ನಾನು ಅವನ ಕಡೆಗೆ ಹೋದರೆ ಇಬ್ಬರಿಗೂ ಲಾಭ. ಆ ಅದಲು ಬದಲು ನಡೆಯುವುದೇ ಇಲ್ಲ. ಹರಿಯುವ ನೀರಿಗೆ ಒಡ್ಡು ಕಟ್ಟಿದ ಹಾಗೆ ಇದ್ದ ಖೋಲಿಗಳೆಲ್ಲ ಇದ್ದಲ್ಲೇ ನಿಂತಿವೆ.

ಇನ್ನು ನನ್ನ ತಮ್ಮ. ಮದುವೆಯಾದ ಮೇಲೆ ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ ಎರಡು ಸಂಸಾರ ಹಿಡಿಯಲಿಲ್ಲ. ಅವನು ನಾಲಾಸೋಪಾರಾಕ್ಕೆ ಹೋದ. ಹನ್ನೊಂದು ತಿಂಗಳ ಕರಾರು, ತಿಂಗಳಿಗೆ ಏಳು ಸಾವಿರ, ಮೇಲೆ ಡಿಪಾಜಿಟ್, ದಲಾಲನಿಗೆ ಬೇರೆ. ಐದು ವರ್ಷದಲ್ಲಿ ನಾಲ್ಕು ಮನೆ ಬದಲಾಯಿಸಿದ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ನೂರು ರೂಪಾಯಿ, ಇನ್ನೊಬ್ಬನಿಗೆ ಏಳು ಸಾವಿರ. ನನ್ನ ಪಗಾರ ಅವನದಕ್ಕಿಂತ ಹೆಚ್ಚು. ಹಬ್ಬಕ್ಕೆ ಬಂದಾಗ ಅವನು ಏನೂ ಹೇಳುವುದಿಲ್ಲ. ಆದರೆ ನಾನು ತಲೆ ತಗ್ಗಿಸುತ್ತೇನೆ. ಕಾಯಿದೆ ಬಡವನನ್ನು ಹುಡುಕಿ ನೆರವಾಗಲಿಲ್ಲ. ಅಂದು ಒಳಗೆ ಕುಳಿತಿದ್ದವನಿಗೆ ನೆರವಾಯಿತು, ಆಮೇಲೆ ಬಂದವನಿಗೆ ಬಾಗಿಲು ಮುಚ್ಚಿತು.

ಇಲ್ಲಿ ಒಂದು ಪ್ರಶ್ನೆ ಬರಬಹುದು. ಯುದ್ಧಕಾಲದಲ್ಲಿ ಅಕ್ಕಿಗೂ ಬೆಲೆ ಕಟ್ಟಿದ್ದರಲ್ಲ, ಅದರಿಂದ ಜನ ಉಳಿದರಲ್ಲ? ನಿಜ. 1943ರಲ್ಲಿ ಮುಂಬಯಿಗೆ ರೇಶನ್ ಬಂತು. ಆದರೆ ಅಲ್ಲಿ ಸರಕಾರ ಬೆಲೆ ಕಟ್ಟಿ ಸುಮ್ಮನಾಗಲಿಲ್ಲ. ತಾನೇ ಧಾನ್ಯ ತರಿಸಿತು, ಕಾರ್ಡು ಮಾಡಿ ತಲೆಗೆ ಇಷ್ಟೆಂದು ಹಂಚಿತು. ಹೊಸದಾಗಿ ಬಂದವನಿಗೂ ಕಾರ್ಡು ಸಿಗುತ್ತಿತ್ತು. ಖೋಲಿಯ ವಿಷಯದಲ್ಲಿ ಬೆಲೆ ಮಾತ್ರ ಕಟ್ಟಿದರು. ಬೇಕಾದಷ್ಟು ಖೋಲಿ ತರುವವರು ಇರಲಿಲ್ಲ, ಹಂಚುವವರೂ ಇರಲಿಲ್ಲ. ಬೆಲೆಗೆ ಎರಡು ಕೆಲಸ ಇರುತ್ತದೆ: ಇದ್ದದ್ದನ್ನು ಹಂಚುವುದು ಒಂದು, ಇಲ್ಲದ್ದನ್ನು ಕರೆದು ತರುವುದು ಇನ್ನೊಂದು. ಬೆಲೆಯನ್ನು ಕಟ್ಟಿಹಾಕಿದವರು ಆ ಎರಡೂ ಕೆಲಸವನ್ನು ತಾವು ಮಾಡಬೇಕು. ಮಾಡದಿದ್ದರೆ ಬೆಲೆ ಹಿಂಬಾಗಿಲಿನಿಂದ ಬರುತ್ತದೆ.

ಆ ಹಿಂಬಾಗಿಲಿನ ಹೆಸರೇ ಪಗಡಿ. ನನ್ನ ಅಜ್ಜ ಖೋಲಿ ಹಿಡಿದಾಗ ಪಾವತಿಯ ಮೇಲೆ ಬರೆದದ್ದು ಚಿಕ್ಕ ಬಾಡಿಗೆ. ಪಾವತಿಯಿಲ್ಲದೆ ಕೊಟ್ಟದ್ದು ಅಜ್ಜಿಯ ಸರ ಮಾರಿದ ದುಡ್ಡು. ಮುಂದೆ ಪಗಡಿ ವಾಡಿಕೆಯೇ ಆಯಿತು: ಖೋಲಿ ಬಿಟ್ಟುಕೊಡುವ ಬಾಡಿಗೆದಾರ ಹೊಸಬನಿಂದ ದೊಡ್ಡ ಗಂಟು ತೆಗೆದುಕೊಳ್ಳುತ್ತಾನೆ, ಅದರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾಲಕನಿಗೆ, ಆಗ ಮಾಲಕ ಹೊಸ ಹೆಸರಿಗೆ ಪಾವತಿ ಮಾಡಿಕೊಡುತ್ತಾನೆ. ತಿಂಗಳು ತಿಂಗಳು ಕೊಡಬಹುದಾಗಿದ್ದ ಬಾಡಿಗೆಯನ್ನು ಒಂದೇ ಬಾರಿ ಕೊಡಬೇಕು. ಕೂಡಿಟ್ಟ ಹಣ ಇದ್ದವನಿಗೆ ಅದು ಸಾಧ್ಯ. ಮೊನ್ನೆ ಊರಿಂದ ಬಂದ ಹುಡುಗನಿಗೆ ಅಲ್ಲ.

ಇದರಿಂದ ಒಂದು ಗುರುತು ಹೇಳುತ್ತೇನೆ. ತುಟ್ಟಿ ಬೇರೆ, ಅಭಾವ ಬೇರೆ. ಬಾಡಿಗೆ ಹೆಚ್ಚಿದ್ದರೂ "ಖೋಲಿ ಬಾಡಿಗೆಗಿದೆ" ಎಂಬ ಪಾಟಿ ತೂಗುತ್ತಿದ್ದರೆ ಅದು ತುಟ್ಟಿ. ಪಾವತಿಯ ಮೇಲೆ ಬಾಡಿಗೆ ತೀರ ಕಡಿಮೆ, ಆದರೆ ಪಾಟಿ ಎಲ್ಲೂ ಇಲ್ಲ, ಕೇಳಿದರೆ ಪಗಡಿ, ಪರಿಚಯ, ಜಾತಿ, ಊರು ವಿಚಾರಿಸುತ್ತಾರೆ, ಸೋರಿದರೆ ಕೇಳುವವರಿಲ್ಲ. ಹೀಗಿದ್ದರೆ ಅದು ಮಿತಿಯಿಂದ ಬಂದ ಅಭಾವ. ಒಂದು ಖೋಲಿಗೆ ನೂರು ಜನ ಸಾಲುಗಟ್ಟಿದಾಗ ಮಾಲಕನಿಗೆ ದರದಲ್ಲಿ ಆರಿಸಲು ಬಿಡದಿದ್ದರೆ, ಅವನು ಹೆಸರು ನೋಡಿ ಆರಿಸುತ್ತಾನೆ.

ಈ ಕಾಯಿದೆಯ ಕಥೆ ಒಂದು ತಿರುವು ತೆಗೆದುಕೊಂಡದ್ದು ನಮ್ಮ ಕರಾವಳಿಯ ಊರನ್ನು ಹೆಸರಿನಲ್ಲಿ ಹೊತ್ತ ಒಂದು ಖಟ್ಲೆಯಿಂದ. ಮಲ್ಪೆ ವಿಶ್ವನಾಥ ಆಚಾರ್ಯ ಮತ್ತು ಮಹಾರಾಷ್ಟ್ರ ಸರಕಾರದ ನಡುವಿನ ಖಟ್ಲೆಯಲ್ಲಿ 1997ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮೊದಲು ನ್ಯಾಯವಾಗಿದ್ದ ನಿಯಮವೂ ಕಾಲ ಕಳೆದಂತೆ ಅನ್ಯಾಯವಾಗಬಹುದು, ಬಾಡಿಗೆಯನ್ನು 1940ಕ್ಕೇ ಕಟ್ಟಿ ನಿಲ್ಲಿಸಿದ್ದು ಇನ್ನು ಸಮಂಜಸವಲ್ಲ ಎಂಬುದು ಅದರ ಸಾರ. ಹೊಸ ಕಾಯಿದೆ ಬರಲಿದ್ದುದರಿಂದ ಹಳೆಯದನ್ನು ಕೋರ್ಟು ಅಂದೇ ರದ್ದು ಮಾಡಲಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ಅದು ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಾಡಿಗೆ ಏರಿಸಲು ಬಿಟ್ಟಿತು. ಪಗಡಿಗೂ ಕಾನೂನಿನ ಒಪ್ಪಿಗೆ ಕೊಟ್ಟಿತು. ಲೀವ್ ಆಂಡ್ ಲೈಸೆನ್ಸ್ ಅವಧಿ ಮುಗಿದರೆ ಮನೆ ಬಿಡಿಸಿಕೊಡಲು ಬೇಗನೆ ನಡೆಯುವ ದಾರಿ ಮಾಡಿತು. ನನ್ನ ತಮ್ಮನಿಗೆ ನಾಲಾಸೋಪಾರಾದಲ್ಲಿ ಏಳು ಸಾವಿರಕ್ಕಾದರೂ ಮನೆ ಸಿಗುವುದು ಈ ದಾರಿಯಿಂದಲೇ. ಅದು ತುಟ್ಟಿ, ಆದರೆ ಪಾಟಿ ತೂಗುತ್ತದೆ.

ಹಳೆಯ ಚಾಳಿಗೆ ನೂರಕ್ಕೆ ನಾಲ್ಕು ಸಾಕಾಯಿತೇ? ನಮ್ಮ ಎಂಟು ರೂಪಾಯಿಯ ಖೋಲಿಯನ್ನೇ ನೋಡಿ. 25 ವರ್ಷ ತಪ್ಪದೆ ಏರಿಸಿದರೂ ಅದು 21 ರೂಪಾಯಿ ಚಿಲ್ಲರೆ ಆಗುತ್ತದೆ. ನಲವತ್ತು ಖೋಲಿಗೆ ತಿಂಗಳಿಗೆ ಸುಮಾರು 850 ರೂಪಾಯಿ. ಇಂದು ಮುಂಬಯಿಯಲ್ಲಿ ಒಬ್ಬ ಒಳ್ಳೆಯ ಗಾರೆಯವನು ಒಂದು ದಿನಕ್ಕೆ ಕೇಳುವುದು ಅದರ ಆಜುಬಾಜು. ಇಡೀ ಚಾಳಿನ ತಿಂಗಳ ಬಾಡಿಗೆ ಒಬ್ಬ ಆಳಿನ ಒಂದು ದಿನಕ್ಕೆ ಮುಗಿಯಿತು.

ಮುಂಬಯಿಯ ಮನೆಯ ಕಷ್ಟಕ್ಕೆಲ್ಲ ಬಾಡಿಗೆ ಕಾಯಿದೆಯೊಂದೇ ಕಾರಣವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಇದು ಮೂರು ಕಡೆ ನೀರಿರುವ ಇಕ್ಕಟ್ಟಾದ ಊರು. ಒಂದು ನಿವೇಶನದಲ್ಲಿ ಎಷ್ಟು ಕಟ್ಟಬಹುದೆಂಬ ನಿಯಮ ಬೇರೆ. 1976ರ ನಗರ ಭೂಮಿತಿ ಕಾಯಿದೆ ಈ ರಾಜ್ಯದಲ್ಲಿ 2007ರವರೆಗೂ ಇತ್ತು. ಹಾಗೆಯೇ, ನಾಳೆ ಬೆಳಿಗ್ಗೆ ಮಿತಿ ತೆಗೆದುಬಿಟ್ಟರೆ ಎದುರಿನ ಖೋಲಿಯ ಮುದುಕಿ ಎಲ್ಲಿಗೆ ಹೋದಾಳು? ಎಂಬತ್ತು ವರ್ಷದ ಗಂಟನ್ನು ಒಂದೇ ಕತ್ತರಿಯಿಂದ ಕತ್ತರಿಸಿದರೆ ಬಟ್ಟೆಯೂ ಹರಿಯುತ್ತದೆ. ನನಗೆ ತೋಚುವುದು ಇಷ್ಟು: ಬಾಡಿಗೆ ರಿಪೇರಿಯ ಖರ್ಚಿನ ಮಟ್ಟಕ್ಕಾದರೂ ಮೆಲ್ಲಮೆಲ್ಲನೆ ಏರಲಿ, ಕೊಡಲಾರದ ಮುದುಕಿಗೆ ಸರಕಾರ ನೆರವು ಕೊಡಲಿ. ಆದರೆ ಆ ನೆರವು ಅವಳ ಹೆಸರಿಗಿರಲಿ, ಖೋಲಿಯ ಗೋಡೆಗಲ್ಲ. ಆಗ ಕೊಡಬಲ್ಲ ನನ್ನಂಥವನಿಗೆ ಅದು ಸಿಗುವುದಿಲ್ಲ, ಸಿಗಬಾರದು ಕೂಡ.

ಇದನ್ನು ಹೇಳಿದ್ದು ಕೇಳಿದರೆ ನಮ್ಮ ಚಾಳಿನವರು ನನ್ನ ಮೇಲೆ ಸಿಟ್ಟಾದಾರು. ಕುಳಿತ ಕೊಂಬೆಯನ್ನೇ ಕಡಿಯುತ್ತೀಯಾ ಎಂದಾರು. ಆದರೆ ಮಳೆಗಾಲದಲ್ಲಿ ನಮ್ಮ ತಾಯಿ ಮಂಚದ ಪಕ್ಕ ಎರಡು ಬಕೆಟ್ ಇಟ್ಟು ಮಲಗುತ್ತಾರೆ. ಆ ಕೊಂಬೆ ಎಷ್ಟು ಗಟ್ಟಿ ಎಂದು ನಮಗೆಲ್ಲ ಗೊತ್ತೇ ಇದೆ.

ಪ್ರಶ್ನೆ ಕೇಳಿದ ಆ ಹುಡುಗ ಇಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾನೆ. ತಮ್ಮಾ, ನಿನಗೆ ನನ್ನಂಥ ಖೋಲಿ ಕೊಡಿಸಲಾರೆ. ಅದು ಏಕೆ ಅಗ್ಗವೋ, ಅದೇ ಕಾರಣದಿಂದ ನಿನಗೆ ಸಿಗುವುದಿಲ್ಲ. ನಾಲಾಸೋಪಾರಾದಲ್ಲಿ ಮೂವರು ಸೇರಿ ಹಿಡಿಯಬಹುದಾದ ಒಂದು ಮನೆಯನ್ನು ನನ್ನ ತಮ್ಮ ನೋಡಿಟ್ಟಿದ್ದಾನೆ. ಕರಾರನ್ನು ರಿಜಿಸ್ಟರ್ ಮಾಡಿಸಿಯೇ ಕೈಯಲ್ಲಿ ಹಣ ಕೊಡು. ಸಭೆ ಮುಗಿದ ಮೇಲೆ ನನ್ನನ್ನು ಕಾಣು.